ನೆರಳು ಒಂದಲ್ಲ, ನಾಲ್ಕು: ಮೃದುವಾದ ಕಾರ್ಡ್ ಮಾಡುವ ಬಗೆ

ಕಳೆದ ರಂಜಾನ್ ಶುರುವಾಗುವ ಮೊದಲು ನಾವು ಕೆಲವರು ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಸೂಚನೆಗಳ ಒಂದು ಪುಟ ಮಾಡಿದೆವು. ಅದರಲ್ಲಿ ನಾಲ್ಕು ಸೂಚನೆಗಳಿದ್ದವು: ರಂಜಾನ್ ತಿಂಗಳ ತರಗತಿ ವೇಳೆ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ಪ್ರಾಯೋಗಿಕ ಪರೀಕ್ಷೆಯ ಬ್ಯಾಚುಗಳು, ಗ್ರಂಥಾಲಯದ ಪುಸ್ತಕ ಹಿಂದಿರುಗಿಸುವ ದಿನ. ಒಂದೊಂದು ಸೂಚನೆಗೂ ಒಂದೊಂದು ಬಿಳಿ ಪೆಟ್ಟಿಗೆ. ವೆಬ್ ಪುಟ ಮಾಡುವವರು ಇದನ್ನೇ ಕಾರ್ಡ್ ಎನ್ನುತ್ತಾರೆ. ಪೋಸ್ಟ್‌ಕಾರ್ಡೊಂದನ್ನು ಮೇಜಿನ ಮೇಲಿಟ್ಟ ಹಾಗೆ ಪುಟದಿಂದ ಸ್ವಲ್ಪ ಮೇಲೆದ್ದು ಕಾಣಬೇಕು ಎನ್ನುವುದು ನಮ್ಮ ಆಸೆ. ಅದಕ್ಕೆ ನಾವು ಬರೆದ ಮೊದಲ ಸಾಲು ಇದು.

```css
box-shadow: 5px 5px 10px black;
```

ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಹಿಂದಿನಿಂದ ಬಗ್ಗಿ ನೋಡಿ, "ಆಪಾ, ಇದೇನು ಮಸಿ ಮೆತ್ತಿದ ಹಾಗಿದೆ?" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಕಾರ್ಡು ಮೇಲೆದ್ದಂತೆ ಕಾಣುವ ಬದಲು ಅದರ ಬಲಕ್ಕೂ ಕೆಳಕ್ಕೂ ಕಪ್ಪು ಕೊಳೆ ಅಂಟಿದಂತೆ ಕಾಣುತ್ತಿತ್ತು. ಅದನ್ನು ಸರಿಮಾಡಲು ಹೋಗಿ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಸ್ವಲ್ಪ ಗೊತ್ತಿದ್ದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ.

ಮೊದಲು ಕಂಪ್ಯೂಟರ್ ಬಿಟ್ಟು ಮೇಜಿನ ಕಡೆ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಒಂದು ದಪ್ಪ ಪುಸ್ತಕ ಇಡಿ. ಪುಸ್ತಕ ಮೇಜಿಗೆ ತಾಗುವ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ, ಸಾಕಷ್ಟು ಕಪ್ಪಾದ ಗೆರೆ ಇರುತ್ತದೆ. ಅದರ ಆಚೆಗೆ ಅಗಲವಾದ, ಬಲು ತಿಳಿಯಾದ ನೆರಳು ಹರಡಿ, ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದಂತೆ ಕರಗಿಹೋಗುತ್ತದೆ. ಈಗ ಪುಸ್ತಕವನ್ನು ಒಂದು ಗೇಣು ಮೇಲೆತ್ತಿ. ಕಪ್ಪು ಗೆರೆ ಮಾಯವಾಗುತ್ತದೆ, ತಿಳಿ ನೆರಳು ಇನ್ನೂ ಅಗಲವಾಗಿ ಇನ್ನೂ ತೆಳುವಾಗುತ್ತದೆ. ಗ್ರಹಣದ ಪಾಠದಲ್ಲಿ ಓದಿದ ಪೂರ್ಣನೆರಳು ಮತ್ತು ಅರೆನೆರಳು ಇಲ್ಲಿಯೂ ಇವೆ. ಟ್ಯೂಬ್‌ಲೈಟು ಒಂದು ಚುಕ್ಕೆಯಲ್ಲ, ಉದ್ದನೆಯ ದೀಪ. ಅಂಚಿಗೆ ಅಂಟಿದ ಜಾಗಕ್ಕೆ ದೀಪದ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ, ದೂರ ಹೋದಂತೆ ಹೆಚ್ಚು ಹೆಚ್ಚು ಕಾಣುತ್ತದೆ, ಹಾಗಾಗಿ ಕತ್ತಲೆ ಹಂತ ಹಂತವಾಗಿ ಇಳಿಯುತ್ತದೆ. ಈ ಇಳಿತದಿಂದಲೇ ನಮ್ಮ ಕಣ್ಣು ವಸ್ತು ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ.

ನಮ್ಮ ಒಂದು ಸಾಲಿನ ನೆರಳಿನಲ್ಲಿ ಈ ಇಳಿತ ಇರಲಿಲ್ಲ. ಯಾಕೆ ಎಂದು ತಿಳಿಯಲು ಆ ಸಂಖ್ಯೆಗಳು ಏನು ಮಾಡುತ್ತವೆ ಎಂದು ನೋಡಬೇಕು. ಮೊದಲನೆಯದು ನೆರಳು ಬಲಕ್ಕೆ ಎಷ್ಟು ಸರಿಯಬೇಕು ಎನ್ನುವುದು, ಎರಡನೆಯದು ಕೆಳಕ್ಕೆ ಎಷ್ಟು, ಮೂರನೆಯದು ಬ್ಲರ್, ಅಂದರೆ ಅಂಚು ಎಷ್ಟು ಮಸುಕಾಗಬೇಕು ಎನ್ನುವುದು. ಬೇಕಿದ್ದರೆ ನಾಲ್ಕನೆಯದಾಗಿ ಸ್ಪ್ರೆಡ್ ಕೊಡಬಹುದು. ಅದು ನೆರಳನ್ನೇ ದೊಡ್ಡದು ಅಥವಾ ಚಿಕ್ಕದು ಮಾಡುತ್ತದೆ. ಕೊನೆಯಲ್ಲಿ ಬಣ್ಣ.

ಇವುಗಳಲ್ಲಿ ತಪ್ಪು ತಿಳಿಯುವುದು ಹೆಚ್ಚಾಗಿ ಬ್ಲರ್ ಬಗ್ಗೆ. ಬ್ಲರ್ 10 ಪಿಕ್ಸೆಲ್ ಎಂದರೆ ಮಸುಕು ನೆರಳಿನ ಅಂಚಿನಿಂದ ಹೊರಗೆ 10 ಪಿಕ್ಸೆಲ್ ಮಾತ್ರ ಎಂದುಕೊಂಡಿದ್ದೆವು. ನಿಜದಲ್ಲಿ ಅದು ಅಂಚಿನ ಒಳಗೆ 10, ಹೊರಗೆ 10, ಒಟ್ಟು 20 ಪಿಕ್ಸೆಲ್ ಅಗಲದ ಇಳಿಜಾರು. ಅಂಚಿನ ಮೇಲೆ ಸರಿಯಾಗಿ ಅರ್ಧ ಬಣ್ಣ ಉಳಿದಿರುತ್ತದೆ. ಈ ಇಳಿಜಾರಿನ ಆಕಾರ ಗಾಸ್‌ನ ಗಂಟೆ ವಕ್ರರೇಖೆಯಿಂದ ಬಂದದ್ದು. ಬ್ಲರ್‌ನ ಅರ್ಧ ಸಂಖ್ಯೆಯೇ ಅದರ ಸ್ಟ್ಯಾಂಡರ್ಡ್ ಡೀವಿಯೇಶನ್ ಎಂದು ಸಿಎಸ್‌ಎಸ್ ನಿಯಮ ಹೇಳುತ್ತದೆ. ಸ್ಟಾಟಿಸ್ಟಿಕ್ಸ್ ತೆಗೆದುಕೊಂಡ ವಾಣಿಜ್ಯ ವಿಭಾಗದವರಿಗೆ ಇದು ಹಳೆಯ ಪರಿಚಯ. ಅವರ ಪುಸ್ತಕದ ಕೊನೆಯ ಕೋಷ್ಟಕವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಈಗ ಮಸಿಯ ಗುಟ್ಟು ತಿಳಿಯುತ್ತದೆ. ಬ್ಲರ್ 10 ಎಂದರೆ ಡೀವಿಯೇಶನ್ 5. ನೆರಳು 5 ಪಿಕ್ಸೆಲ್ ಕೆಳಗೆ ಸರಿದಿದೆ. ಹಾಗಾದರೆ ಕಾರ್ಡಿನ ಕೆಳ ಅಂಚು ನೆರಳಿನ ಅಂಚಿನಿಂದ ಸರಿಯಾಗಿ ಒಂದು ಡೀವಿಯೇಶನ್ ಒಳಗಿದೆ. ಕೋಷ್ಟಕದಲ್ಲಿ ಒಂದಕ್ಕೆ 0.84 ಇದೆ. ಅಂದರೆ ಬಿಳಿ ಕಾರ್ಡಿನ ಕೆಳಗೇ ಶೇ. 84ರಷ್ಟು ಕಪ್ಪು! ಮೇಜಿನ ಮೇಲಿನ ಪುಸ್ತಕಕ್ಕೆ ಅಷ್ಟು ಅಗಲಕ್ಕೆ ಅಷ್ಟು ಕಪ್ಪು ನೆರಳು ಎಲ್ಲಿಯೂ ಬೀಳುವುದಿಲ್ಲ.

ಹಾಗಿದ್ದರೆ ಕಪ್ಪನ್ನು ತೆಳು ಮಾಡಿದರೆ ಸಾಕಲ್ಲ ಎಂದು ನಾವೂ ಯೋಚಿಸಿದೆವು. `0 8px 16px` ಎಂದು ಬರೆದು ಬಣ್ಣವನ್ನು ಕಾಲು ಭಾಗಕ್ಕೆ ಇಳಿಸಿದೆವು. ಮಸಿ ಹೋಯಿತು, ಆದರೆ ಕಾರ್ಡಿನ ಕೆಳಗೆ ಒಂದು ಬೂದು ಪಟ್ಟಿ ನಿಂತುಬಿಟ್ಟಿತು. ಮಂಜಿನ ಮೇಲೆ ಕಾರ್ಡು ತೇಲುತ್ತಿರುವಂತೆ ಕಾಣುತ್ತಿತ್ತೇ ಹೊರತು ಎಲ್ಲಿಯೂ ಕೂತಂತೆ ಕಾಣುತ್ತಿರಲಿಲ್ಲ. ಅಂಚಿನ ತೆಳು ಗೆರೆಯೂ ಬೇಕು, ದೂರದ ತಿಳಿ ನೆರಳೂ ಬೇಕು. ಒಂದೇ ನೆರಳಿನಿಂದ ಎರಡೂ ಸಿಗುವುದಿಲ್ಲ.

ಸಿಎಸ್‌ಎಸ್‌ನಲ್ಲಿ ಒಂದೇ `box-shadow` ಒಳಗೆ ಅಲ್ಪವಿರಾಮ ಹಾಕುತ್ತ ಎಷ್ಟು ನೆರಳು ಬೇಕಾದರೂ ಬರೆಯಬಹುದು. ನಾವು ಕೊನೆಗೆ ಬರೆದದ್ದು ಹೀಗಿದೆ.

```css
.card {
  background: #ffffff;
  border-radius: 16px;
  box-shadow:
    0 1px 2px rgb(30 41 59 / 0.07),
    0 2px 4px rgb(30 41 59 / 0.07),
    0 4px 8px rgb(30 41 59 / 0.07),
    0 8px 16px rgb(30 41 59 / 0.07);
}
```

ಒಂದೊಂದು ಸಾಲು ಹಿಂದಿನ ಸಾಲಿನ ಎರಡರಷ್ಟು, ಅಷ್ಟೇ. ಬಣ್ಣದ ದಟ್ಟಣೆ ಎಲ್ಲದಕ್ಕೂ ಒಂದೇ, ಶೇ. 7. ಒಂಟಿಯಾಗಿ ನೋಡಿದರೆ ಯಾವ ಸಾಲೂ ಕಣ್ಣಿಗೆ ಬೀಳುವುದೇ ಕಷ್ಟ. ನಾಲ್ಕೂ ಸೇರಿದಾಗ ಆಗುವುದನ್ನು ಅದೇ ಕೋಷ್ಟಕ ಹಿಡಿದು ಲೆಕ್ಕ ಹಾಕೋಣ. ಕಾರ್ಡಿನ ಕೆಳ ಅಂಚಿನಲ್ಲಿ ನಾಲ್ಕೂ ನೆರಳುಗಳು ತಮ್ಮ ತಮ್ಮ 0.84 ಭಾಗ ಕೊಡುತ್ತವೆ, ಒಟ್ಟು ಸುಮಾರು ಶೇ. 22. ಅಲ್ಲಿಂದ 4 ಪಿಕ್ಸೆಲ್ ಕೆಳಗೆ ಬಂದರೆ ಮೊದಲ ನೆರಳು ಮುಗಿದುಹೋಗಿದೆ, ಎರಡನೆಯದು ಮುಗಿಯುತ್ತಿದೆ. ಒಟ್ಟು ಸುಮಾರು ಶೇ. 9. 8 ಪಿಕ್ಸೆಲ್‌ನಲ್ಲಿ ಶೇ. 5ಕ್ಕಿಂತ ಸ್ವಲ್ಪ ಕಡಿಮೆ. 16ರಲ್ಲಿ ಶೇ. 1 ಮಾತ್ರ.

ಇದನ್ನು ನಮ್ಮ ಬೂದು ಪಟ್ಟಿಯ ಜೊತೆ ಹೋಲಿಸಿ. ಆ ಒಂಟಿ ನೆರಳು ಅಂಚಿನಲ್ಲಿ ಶೇ. 21. ಅಂಚಿನಲ್ಲಿ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದರೆ 4 ಪಿಕ್ಸೆಲ್ ಕೆಳಗೆ ಅದು ಇನ್ನೂ ಶೇ. 17ರಲ್ಲಿ ನಿಂತಿದೆ, 8ರಲ್ಲಿ 12ರ ಮೇಲೆಯೇ ಇದೆ. ಪಟ್ಟಿಯಂತೆ ಕಂಡದ್ದು ಅದಕ್ಕೇ. ನಾಲ್ಕು ನೆರಳುಗಳದ್ದು ಅಂಚಿನಲ್ಲಿ ಕಡಿದಾಗಿ ಇಳಿದು, ಆಮೇಲೆ ಉದ್ದಕ್ಕೆ ಮೆಲ್ಲನೆ ಕರಗುವ ಇಳಿಜಾರು. ಮೇಜಿನ ಮೇಲಿನ ಪುಸ್ತಕ ತೋರಿಸಿದ್ದೂ ಇದನ್ನೇ. ಆಳ ಕಾಣುವುದು ಕಪ್ಪು ಹೆಚ್ಚಿದ್ದರಿಂದಲ್ಲ, ಕಪ್ಪು ಇಳಿಯುವ ರೀತಿಯಿಂದ ಎಂದು ನನಗೆ ಹೊಳೆದದ್ದು ಈ ಲೆಕ್ಕ ಹಾಕಿದ ಮೇಲೆಯೇ.

ಇದೇ ಬರವಣಿಗೆಯಲ್ಲಿ ಇನ್ನೊಂದು ಲಾಭ ತಾನಾಗಿಯೇ ಬಂದಿದೆ. ನಾಲ್ಕೂ ಸಾಲಿನಲ್ಲಿ ಕೆಳಗೆ ಸರಿಯುವ ದೂರ ಬ್ಲರ್‌ನ ಅರ್ಧ. ಹಾಗಾಗಿ ಕೆಳ ಅಂಚಿಗೆ ಶೇ. 22 ಸಿಕ್ಕರೆ, ಎಡಬಲ ಅಂಚುಗಳಿಗೆ ಸುಮಾರು ಶೇ. 13, ಮೇಲಿನ ಅಂಚಿಗೆ ಶೇ. 4 ಸಿಗುತ್ತದೆ. ದೀಪ ಮೇಲಿದೆ ಎಂದು ಕಣ್ಣು ನಂಬಲು ಇಷ್ಟು ಸಾಕು. ನಮ್ಮ ಮೊದಲ ಸಾಲಿನಂತೆ ಬಲಕ್ಕೂ ಸರಿಸಬೇಕಿದ್ದರೆ ಸರಿಸಬಹುದು, ಆದರೆ ಆಗ ಪುಟದ ಎಲ್ಲ ಕಾರ್ಡು, ಎಲ್ಲ ಬಟನ್ನುಗಳೂ ಬಲಕ್ಕೇ ಸರಿಯಬೇಕು. ಒಂದರ ನೆರಳು ಬಲಕ್ಕೆ, ಇನ್ನೊಂದರದ್ದು ನೇರ ಕೆಳಕ್ಕೆ ಬಿದ್ದರೆ ಪುಟಕ್ಕೆ ಎರಡು ಸೂರ್ಯ ಇದ್ದ ಹಾಗೆ.

ಬಣ್ಣದ ಬಗ್ಗೆ ಒಂದು ಮಾತು. ಮೇಲೆ ಬರೆದದ್ದು ಶುದ್ಧ ಕಪ್ಪಲ್ಲ, ನೀಲಿ ಬೆರೆತ ಗಾಢ ಬೂದು. ನಮ್ಮ ಪುಟದ ಹಿನ್ನೆಲೆ `#f1f5f9`, ಅಂದರೆ ತುಸು ನೀಲಿ ಛಾಯೆಯ ಬಿಳಿ. ಅದರ ಮೇಲೆ ಶುದ್ಧ ಕಪ್ಪಿನ ನೆರಳು ಬಿದ್ದರೆ ಆ ಜಾಗದ ನೀಲಿ ಸತ್ತು ಕೊಳಕಾಗಿ ಕಾಣುತ್ತದೆ. ಹಿನ್ನೆಲೆಯ ಬಣ್ಣದ್ದೇ ಗಾಢ ರೂಪವನ್ನು ನೆರಳಿಗೆ ಕೊಟ್ಟರೆ ಹಾಗಾಗುವುದಿಲ್ಲ. ಕೆನೆ ಬಣ್ಣದ ಪುಟವಾದರೆ ಕಂದು ಬೆರೆಸಿ.

ಇನ್ನು ಮೂಲೆಗಳು. `border-radius: 16px` ಎಂದರೆ ಪ್ರತಿ ಮೂಲೆಯಲ್ಲೂ 16 ಪಿಕ್ಸೆಲ್ ತ್ರಿಜ್ಯದ ವೃತ್ತದ ಕಾಲು ಭಾಗ ಕೂರುತ್ತದೆ. ನೆರಳು ಕೂಡ ತಾನಾಗಿ ಅದೇ ಮೂಲೆಗಳನ್ನು ಅನುಸರಿಸುತ್ತದೆ, ಅದಕ್ಕೆ ಬೇರೆ ಬರೆಯಬೇಕಿಲ್ಲ. ಈಗ ಒಂದು ಸಾಲಿನಲ್ಲಿ ಮುಗಿಯುವ ಈ ಕೆಲಸಕ್ಕೆ ಹಿಂದೆ ನಾಲ್ಕು ಮೂಲೆಯ ನಾಲ್ಕು ಚಿತ್ರ ಕತ್ತರಿಸಿ ಜೋಡಿಸುತ್ತಿದ್ದರು. 2011ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 9ಕ್ಕೆ ಮೊದಲಿನ ಆವೃತ್ತಿಗಳಿಗೆ ದುಂಡು ಮೂಲೆಯೂ ಗೊತ್ತಿರಲಿಲ್ಲ, ಬಾಕ್ಸ್ ಶ್ಯಾಡೋವೂ ಗೊತ್ತಿರಲಿಲ್ಲ. ಹಳೆಯ ನೋಟ್ಸುಗಳಲ್ಲಿ `-moz-` ಅಥವಾ `-webkit-` ಎಂದು ಮುಂದೆ ಸೇರಿಸಿದ ಸಾಲುಗಳು ಸಿಕ್ಕರೆ ಅವು ಆ ಕಾಲದವು. ಇಂದು ಅವುಗಳನ್ನು ನಕಲು ಮಾಡಬೇಕಿಲ್ಲ.

ಮೂಲೆಯ ವಿಷಯದಲ್ಲಿ ನಮ್ಮನ್ನು ಕಾಡಿದ್ದು ಒಳಗಿನ ಚಿತ್ರ. ಗ್ರಂಥಾಲಯದ ಕಾರ್ಡಿನೊಳಗೆ ಪುಸ್ತಕದ ಕಪಾಟಿನ ಫೋಟೊ ಇಟ್ಟಿದ್ದೆವು, ಸುತ್ತ 10 ಪಿಕ್ಸೆಲ್ ಜಾಗ ಬಿಟ್ಟು. ಹೊರಗೆ 16 ಕೊಟ್ಟಿದ್ದೇವೆ, ಒಳಗೂ 16 ಇರಲಿ ಎಂದು ಕೊಟ್ಟೆವು. ಏನೋ ಸರಿಯಿಲ್ಲ ಅನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ನಮ್ಮ ಮ್ಯಾಥ್ಸ್ ಸರ್ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಎರಡೂ ವೃತ್ತಗಳ ತ್ರಿಜ್ಯ ಒಂದೇ ಆದರೆ ಅವುಗಳ ಕೇಂದ್ರ ಬೇರೆ ಬೇರೆಯಾಗುತ್ತದೆ, ಅಡ್ಡಕ್ಕೆ 10, ಕೆಳಕ್ಕೆ 10. ಕರ್ಣದ ಉದ್ದಕ್ಕೆ ಆ ದೂರ 10ರ √2 ಪಟ್ಟು, ಅಂದರೆ ಸುಮಾರು 14. ಹಾಗಾಗಿ ಎಲ್ಲ ಕಡೆ 10 ಇರುವ ಜಾಗ ಮೂಲೆಯಲ್ಲಿ ಮಾತ್ರ 14 ಆಗಿ ಉಬ್ಬಿಕೊಂಡಿತ್ತು. ಎರಡೂ ವೃತ್ತಕ್ಕೆ ಒಂದೇ ಕೇಂದ್ರ ಇರಬೇಕಾದರೆ ಹೊರಗಿನ ತ್ರಿಜ್ಯದಿಂದ ನಡುವಿನ ಜಾಗವನ್ನು ಕಳೆಯಬೇಕು. 16ರಲ್ಲಿ 10 ಹೋದರೆ 6. ಫೋಟೊಗೆ 6 ಕೊಟ್ಟ ಕೂಡಲೇ ಅದು ಕಾರ್ಡಿನೊಳಗೆ ಸರಿಯಾಗಿ ಕೂತಿತು.

ಜಾಗ ಬಿಡದೆ ಫೋಟೊವನ್ನು ಕಾರ್ಡಿನ ಅಂಚಿಗೇ ಅಂಟಿಸಿದರೆ ಬೇರೆ ತೊಂದರೆ: ಅದರ ಚೂಪು ಮೂಲೆ ದುಂಡು ಮೂಲೆಯ ಆಚೆ ಇಣುಕುತ್ತದೆ. ಕಾರ್ಡಿಗೆ `overflow: hidden` ಕೊಟ್ಟರೆ ಇಣುಕುವುದು ನಿಲ್ಲುತ್ತದೆ. ಹಾಗೆ ಮಾಡಿದರೆ ನೆರಳೂ ಕತ್ತರಿಸಿಹೋಗುತ್ತದೆ ಎಂದು ಹೆದರಬೇಡಿ. ಆ ಸಾಲು ಕತ್ತರಿಸುವುದು ಕಾರ್ಡಿನ ಒಳಗಿರುವುದನ್ನು ಮಾತ್ರ, ಕಾರ್ಡಿನ ಸ್ವಂತ ನೆರಳನ್ನಲ್ಲ. ನೆರಳನ್ನು ಕತ್ತರಿಸುವುದು ಕಾರ್ಡುಗಳನ್ನು ಹೊತ್ತ ಹೊರಗಿನ ಪೆಟ್ಟಿಗೆ. ಮೊಬೈಲಿನಲ್ಲಿ ಪಕ್ಕಕ್ಕೆ ಸರಿಸಿ ನೋಡಲೆಂದು ನಾವು ಹೊರಪೆಟ್ಟಿಗೆಗೆ `overflow-x: auto` ಕೊಟ್ಟೆವು. ತಕ್ಷಣ ಎಲ್ಲ ಕಾರ್ಡುಗಳ ನೆರಳೂ ಕೆಳಗಡೆ ಕತ್ತರಿಯಿಂದ ಕತ್ತರಿಸಿದಂತೆ ನೇರ ಗೆರೆಯಾಗಿ ನಿಂತವು. ಅಡ್ಡಕ್ಕೆ ಮಾತ್ರ ಹೇಳಿದ್ದರೂ ಬ್ರೌಸರ್ ಆಗ ಉದ್ದಕ್ಕೂ ಅದೇ ನಿಯಮ ಅನ್ವಯಿಸುತ್ತದೆ. ನೆರಳು ಪುಟದಲ್ಲಿ ಜಾಗ ಹಿಡಿಯುವುದಿಲ್ಲ, ಆದ್ದರಿಂದ ಅದಕ್ಕೆ ಜಾಗ ನಾವೇ ಬಿಡಬೇಕು. ನಮ್ಮ ದೊಡ್ಡ ನೆರಳು 8 ಸರಿದು 16 ಹರಡುತ್ತದೆ. ಹೊರಪೆಟ್ಟಿಗೆಯಲ್ಲಿ ಕೆಳಗೆ 24, ಪಕ್ಕಗಳಲ್ಲಿ 16, ಮೇಲೆ 8 ಪಿಕ್ಸೆಲ್ ಪ್ಯಾಡಿಂಗ್ ಬಿಟ್ಟಾಗ ಸರಿಯಾಯಿತು.

ಇಷ್ಟಾದ ಮೇಲೆ ಪುಟ ಚೆಂದ ಕಾಣುತ್ತಿತ್ತು. ಲ್ಯಾಬಿನ ಮಾನಿಟರಿನಲ್ಲಿ, ಪರದೆ ಎಳೆದ ಕೋಣೆಯಲ್ಲಿ. ಇನ್ನಷ್ಟು ಮೃದು ಮಾಡುವ ಹುಮ್ಮಸ್ಸಿನಲ್ಲಿ ನಾವು ಪುಟದ ಹಿನ್ನೆಲೆಯನ್ನೂ ಪೂರ್ತಿ ಬಿಳಿ ಮಾಡಿ, ನೆರಳನ್ನು ಶೇ. 7ರಿಂದ 3ಕ್ಕೆ ಇಳಿಸಿದೆವು. ಬಿಳಿಯ ಮೇಲೆ ಬಿಳಿ, ನಡುವೆ ಉಸಿರಿನಷ್ಟು ನೆರಳು. ನಮಗೆ ಬಹಳ ಹಿಡಿಸಿತು.

ಎರಡು ದಿನದ ನಂತರ ಕಲಾ ವಿಭಾಗದ ಹುಡುಗಿಯೊಬ್ಬಳು ಬಂದು ವಿದ್ಯಾರ್ಥಿವೇತನದ ಕೊನೆಯ ದಿನ ಬದಲಾಗಿದೆಯೇ ಎಂದು ಕೇಳಿದಳು. ಅವಳು ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಬಿಸಿಲಿಗೆ, ಒಡೆದ ಗಾಜಿನ ಹಳೆಯ ಮೊಬೈಲಿನಲ್ಲಿ ಪುಟ ತೆರೆದಿದ್ದಳು. ಆ ಬೆಳಕಿನಲ್ಲಿ ನೆರಳು ಒಂದಿಷ್ಟೂ ಕಂಡಿರಲಿಲ್ಲ. ಕಾರ್ಡುಗಳ ಗಡಿಯೇ ಇಲ್ಲದೆ ಅಕ್ಷರಗಳು ಒಂದರ ಕೆಳಗೊಂದು ಸಾಲಾಗಿ ಕಂಡಿವೆ. ವಿದ್ಯಾರ್ಥಿವೇತನ ಎಂಬ ಶೀರ್ಷಿಕೆಯನ್ನು ಓದಿ, ಅದರ ಕೆಳಗಿನ ಕಾರ್ಡಿನಲ್ಲಿದ್ದ ಪುಸ್ತಕ ವಾಪಸಿನ ದಿನಾಂಕವನ್ನು ಅರ್ಜಿಯ ಕೊನೆಯ ದಿನ ಎಂದುಕೊಂಡಿದ್ದಾಳೆ. ನಿಜವಾದ ಕೊನೆಯ ದಿನ ಅದಕ್ಕಿಂತ ಒಂಬತ್ತು ದಿನ ಮೊದಲಿತ್ತು. ಅವಳಿಗೆ ಆದಾಯ ಪ್ರಮಾಣಪತ್ರ ಇನ್ನೂ ಬಂದಿರಲಿಲ್ಲ. ಕೇಳಲು ಬಂದಳು, ಹಾಗಾಗಿ ಗೊತ್ತಾಯಿತು. ಅಲ್ಹಮ್ದುಲಿಲ್ಲಾಹ್, ಅರ್ಜಿ ಸಮಯಕ್ಕೆ ಹೋಯಿತು. ಕೇಳಲು ಬಾರದವರು ಇದ್ದಿರಬಹುದೇ ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ.

ಆ ಸಂಜೆಯೇ ಹಿನ್ನೆಲೆಯನ್ನು `#f1f5f9`ಕ್ಕೆ, ನೆರಳನ್ನು ಶೇ. 7ಕ್ಕೆ ಮರಳಿಸಿ, ಅದರ ಜೊತೆಗೆ ಒಂದು ಸಾಲು ಸೇರಿಸಿದೆವು.

```css
border: 1px solid #cbd5e1;
```

ಕೂದಲೆಳೆಯಷ್ಟು ಬೂದು ಗೆರೆ. ಮಬ್ಬು ಬೆಳಕಿನಲ್ಲಿ ಇದು ಪುಸ್ತಕದ ಅಂಚಿನ ಕಪ್ಪು ಗೆರೆಯಂತೆ ನೆರಳಿನಲ್ಲಿ ಬೆರೆತುಹೋಗುತ್ತದೆ, ಬಿಸಿಲಿನಲ್ಲಿ ನೆರಳು ಅಳಿಸಿಹೋದರೂ ಗೆರೆ ಇರುತ್ತದೆ. ಕಾರ್ಡುಗಳ ನಡುವಿನ ಅಂತರವನ್ನೂ 12ರಿಂದ 24 ಪಿಕ್ಸೆಲ್‌ಗೆ ಹೆಚ್ಚಿಸಿದೆವು. ಶೀರ್ಷಿಕೆ ಮತ್ತು ಅದರ ದಿನಾಂಕದ ನಡುವಿನ ಅಂತರಕ್ಕಿಂತ ಎರಡು ಕಾರ್ಡುಗಳ ನಡುವಿನ ಅಂತರ ಬಹಳ ಹೆಚ್ಚಿದ್ದರೆ, ಗಡಿ ಕಾಣದಿದ್ದರೂ ಯಾವುದು ಯಾವುದಕ್ಕೆ ಸೇರಿದ್ದು ಎಂದು ತಿಳಿಯುತ್ತದೆ. (ಗೆರೆಯ 1 ಪಿಕ್ಸೆಲ್ ಸೇರಿದ್ದರಿಂದ ಒಳಗಿನ ಫೋಟೊದ ತ್ರಿಜ್ಯ 6 ಹೋಗಿ 5 ಆಯಿತು. ಮ್ಯಾಥ್ಸ್ ಸರ್ ಅದನ್ನೂ ಗಮನಿಸಿ ಹೇಳಿದರು.)

ಗೆರೆಯನ್ನೂ ನೆರಳಿನಿಂದಲೇ ಮಾಡುವ ಒಂದು ಉಪಾಯ ಇದೆ. `0 0 0 1px` ಎಂದು ಬರೆದರೆ ಬ್ಲರ್ ಇಲ್ಲದ, 1 ಪಿಕ್ಸೆಲ್ ಸ್ಪ್ರೆಡ್ ಇರುವ ನೆರಳು ಗೆರೆಯಂತೆಯೇ ಕಾಣುತ್ತದೆ. ನಾನು ಅದನ್ನು ಬೇಡ ಎನ್ನುತ್ತೇನೆ. ದೃಷ್ಟಿ ಕಡಿಮೆ ಇರುವವರು ವಿಂಡೋಸ್‌ನಲ್ಲಿ ಕಾಂಟ್ರಾಸ್ಟ್ ಥೀಮ್ ಹಾಕಿಕೊಂಡಾಗ ಬ್ರೌಸರ್ ಎಲ್ಲ ಬಾಕ್ಸ್ ಶ್ಯಾಡೋಗಳನ್ನೂ ತೆಗೆದುಹಾಕುತ್ತದೆ. ನೆರಳಿನಿಂದ ಮಾಡಿದ ಗೆರೆಯೂ ಅದರ ಜೊತೆ ಹೋಗುತ್ತದೆ. ನಿಜವಾದ `border` ಮಾತ್ರ ಉಳಿದು, ಆ ಥೀಮಿನ ಬಣ್ಣದಲ್ಲಿ ಕಾಣುತ್ತದೆ.

ವಿದ್ಯಾರ್ಥಿವೇತನದ ಕಾರ್ಡನ್ನು ಉಳಿದವುಗಳಿಗಿಂತ ಮೇಲೆತ್ತಿ ತೋರಿಸಬೇಕು ಎಂದೂ ತೀರ್ಮಾನಿಸಿದೆವು. ಅದಕ್ಕೆ ಕಪ್ಪು ಹೆಚ್ಚಿಸಲಿಲ್ಲ. ಗೇಣೆತ್ತರ ಎತ್ತಿದ ಪುಸ್ತಕ ನೆನಪಿದೆಯಲ್ಲ, ಅದರಂತೆ ಮೊದಲ ಸಾಲು `0 1px 2px` ತೆಗೆದು, ಕೊನೆಯಲ್ಲಿ `0 16px 32px` ಸೇರಿಸಿದೆವು. ದಟ್ಟಣೆ ಅದೇ ಶೇ. 7. ಅಂಚಿನ ಗೆರೆ ಹೋಯಿತು, ನೆರಳು ಅಗಲವಾಯಿತು, ಕಾರ್ಡು ಎದ್ದಿತು. ಅದಕ್ಕೆ ಕೆಳಗೆ 48 ಪಿಕ್ಸೆಲ್ ಜಾಗ ಬೇಕಾಗುತ್ತದೆ ಎನ್ನುವುದು ಈಗ ನಿಮಗೇ ಲೆಕ್ಕಕ್ಕೆ ಸಿಗುತ್ತದೆ. ಮರುದಿನ ಒಬ್ಬರು ಪ್ರಾಯೋಗಿಕ ಪರೀಕ್ಷೆಯ ಕಾರ್ಡನ್ನೂ ಎತ್ತಿ ಎಂದರು, ಇನ್ನೊಬ್ಬರು ರಂಜಾನ್ ವೇಳೆಯದ್ದನ್ನೂ ಎತ್ತಿ ಎಂದರು. ನಾಲ್ಕನ್ನೂ ಎತ್ತಿದರೆ ಯಾವುದೂ ಎತ್ತಿದಂತೆ ಕಾಣುವುದಿಲ್ಲ ಎಂದು ವಿವರಿಸಲು ನೆರಳಿನ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ನಿಮ್ಮ ಪುಟದಲ್ಲಿ ಪ್ರಯತ್ನಿಸುವಾಗ ಸಂಖ್ಯೆ ಬದಲಿಸಿ, ಸೇವ್ ಮಾಡಿ, ಮತ್ತೆ ತೆರೆಯುವ ಶ್ರಮ ಬೇಡ. ಕ್ರೋಮ್‌ನಲ್ಲಿ ಕಾರ್ಡಿನ ಮೇಲೆ ರೈಟ್ ಕ್ಲಿಕ್ ಮಾಡಿ `Inspect` ಒತ್ತಿ. ಬಲಗಡೆ ಬರುವ ಸಾಲುಗಳಲ್ಲಿ `box-shadow` ಪಕ್ಕದ ಚಿಕ್ಕ ಚೌಕ ಒತ್ತಿದರೆ ನೆರಳನ್ನು ಎಳೆದು ಸರಿಸಿ ನೋಡಬಹುದು. ನಾಲ್ಕು ಸಾಲುಗಳನ್ನು ಬರೆದು, ಒಂದೊಂದನ್ನೇ ತೆಗೆದು ಹಾಕಿ ನೋಡಿ. ಯಾವ ಸಾಲು ಏನು ಕೆಲಸ ಮಾಡುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಕೊನೆಗೆ ಪೂರ್ತಿ `box-shadow` ತೆಗೆದು ಒಮ್ಮೆ ನೋಡಿ, ಆಗಲೂ ಕಾರ್ಡುಗಳು ಬೇರೆ ಬೇರೆ ಕಾಣಬೇಕು. ಆಮೇಲೆ ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲ್ ಹಿಡಿದು ಮಧ್ಯಾಹ್ನ ಹನ್ನೆರಡಕ್ಕೆ ಅಂಗಳಕ್ಕೆ ಹೋಗಿ, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಪುಟ ತೆರೆಯಿರಿ.